ಚಳಿಗೂ ಸೆಕೆಗೂ ಒಂದೇ ಇಡ್ಲಿ: ಹೋಟೆಲ್ ಅಡುಗೆಮನೆಯಲ್ಲಿ ಹಿಟ್ಟಿನ ತಾಪಮಾನ ಹಿಡಿಯುವ ಕ್ರಮ

ಬೇಳೆ, ರವೆ, ಗ್ರೈಂಡರ್, ರುಬ್ಬುವ ಕೈ ಯಾವುದೂ ಬದಲಾಗಿರುವುದಿಲ್ಲ. ಆದರೂ ಬೆಂಗಳೂರಿನ ದರ್ಶಿನಿಯೊಂದರಲ್ಲಿ ಏಪ್ರಿಲ್ ತಿಂಗಳ ಹಿಟ್ಟು ರಾತ್ರಿ ಎರಡಕ್ಕೇ ಉಕ್ಕಿ, ಬೆಳಗ್ಗೆ ಇಳಿದು ಹುಳಿ ಹೊಡೆಯುತ್ತದೆ; ಜನವರಿಯ ಹಿಟ್ಟು ಐದು ಗಂಟೆಯಾದರೂ ಹಾಗೇ ಬಿದ್ದಿರುತ್ತದೆ. ಸಾಮಾನ್ಯವಾಗಿ ಬೇಸಿಗೆಯಲ್ಲಿ ರುಬ್ಬುವ ಹೊತ್ತನ್ನು ರಾತ್ರಿ ಹತ್ತಕ್ಕೆ ತಳ್ಳುತ್ತಾರೆ, ಚಳಿಗಾಲದಲ್ಲಿ ಸೋಡಾ ಹಾಕುತ್ತಾರೆ. ಮೊದಲನೆಯದಕ್ಕೆ ಕೆಲಸದವರು ಸಿಗುವುದಿಲ್ಲ. ಎರಡನೆಯದರಲ್ಲಿ ಇಡ್ಲಿ ಹಳದಿ ತಿರುಗುತ್ತದೆ, ಬಾಯಲ್ಲಿ ಸಾಬೂನಿನ ರುಚಿ ಉಳಿಯುತ್ತದೆ.

ರುಬ್ಬುವ ಹೊತ್ತು ವರ್ಷವಿಡೀ ಸಂಜೆ ಐದರಿಂದ ಆರೇ ಇರಲಿ. ಪಾತ್ರೆಗೆ ಮುಚ್ಚಳ ಹಾಕುವ ಕ್ಷಣದಲ್ಲಿ ಹಿಟ್ಟಿನ ತಾಪಮಾನ ಎಷ್ಟಿದೆ ಎಂಬುದನ್ನು ಮಾತ್ರ ನಾವು ನಿರ್ಧರಿಸಬೇಕು. ಬೇಕಾದ ಉಪಕರಣಗಳು ಎರಡೇ: ಒಂದು ತಕ್ಕಡಿ, ಹಿಟ್ಟಿನೊಳಗೆ ಚುಚ್ಚಿ ನೋಡುವ ಒಂದು ಡಿಜಿಟಲ್ ಥರ್ಮಾಮೀಟರ್. ಮುಂದೆ ಹೇಳುವ ಡಿಗ್ರಿಗಳೆಲ್ಲ ಸೆಲ್ಸಿಯಸ್.

ಒಳಗೆ ನಡೆಯುವುದೇನು

ಹಿಟ್ಟು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾ ಲ್ಯುಕೊನೊಸ್ಟಾಕ್. ಅದು ಬೇಳೆಯ ಜೊತೆಗೇ ಬರುತ್ತದೆ, ನಾವು ಹೊರಗಿನಿಂದ ಹಾಕಬೇಕಿಲ್ಲ. ಅದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಒಟ್ಟಿಗೆ ಕೊಡುತ್ತದೆ. ಇಡ್ಲಿ ಹಗುರಾಗುವುದು ಆ ಗಾಳಿಯಿಂದ. 28ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ ಅದರ ಕೆಲಸ ಚೆನ್ನಾಗಿ ನಡೆಯುತ್ತದೆ. 35 ದಾಟಿದರೆ ಬರೀ ಹುಳಿ ಮಾಡುವ ಬೇರೆ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಅದಕ್ಕೇ ಸೆಕೆಯ ಹಿಟ್ಟಿನಲ್ಲಿ ಹುಳಿ ಜಾಸ್ತಿ, ಉಬ್ಬು ಕಡಿಮೆ. 20ಕ್ಕಿಂತ ಕೆಳಗೆ ಎಲ್ಲವೂ ನಿಧಾನ.

ಗಾಳಿ ಹುಟ್ಟಿದರಷ್ಟೇ ಸಾಲದು, ಹಿಟ್ಟಿನಲ್ಲಿ ನಿಲ್ಲಲೂ ಬೇಕು. ಅದನ್ನು ನಿಲ್ಲಿಸುವುದು ಉದ್ದಿನ ಪ್ರೋಟೀನು ಮತ್ತು ಲೋಳೆ. ರುಬ್ಬುವಾಗ ಬೇಳೆ ಬಿಸಿಯಾದರೆ ಆ ಹಿಡಿತ ಸಡಿಲವಾಗುತ್ತದೆ, ನೊರೆ ಬರುವುದಿಲ್ಲ. ಹಾಗಾಗಿ ಬೇಸಿಗೆಯ ತೊಂದರೆ ರಾತ್ರಿ ಶುರುವಾಗುವುದಿಲ್ಲ, ಸಂಜೆ ಗ್ರೈಂಡರಿನಲ್ಲೇ ಅರ್ಧ ಮುಗಿದಿರುತ್ತದೆ.

ಅಳತೆ: ನೀರನ್ನಲ್ಲ, ಕೊನೆಯ ತೂಕವನ್ನು ಹಿಡಿಯಿರಿ

ಉದಾಹರಣೆಗೆ 25 ಕೆಜಿ ಇಡ್ಲಿ ಹಿಟ್ಟು ತೆಗೆದುಕೊಳ್ಳೋಣ, ಸುಮಾರು 400 ಇಡ್ಲಿಗೆ ಸಾಕು. ಒಣ ತೂಕದಲ್ಲಿ ಇಡ್ಲಿ ರವೆ 9 ಕೆಜಿ, ಗುಂಡು ಉದ್ದಿನಬೇಳೆ 3 ಕೆಜಿ, ಉಪ್ಪು 250 ಗ್ರಾಂ. ಬೇಳೆ ಒಡೆಯದ ಗುಂಡೇ ಇರಲಿ. ಹಳೆಯ, ಮುಗ್ಗಲು ವಾಸನೆಯ ಬೇಳೆಗೆ ನೊರೆ ಬರುವುದಿಲ್ಲ, ಅದಕ್ಕೆ ಮುಂದಿನ ಯಾವ ಉಪಾಯವೂ ನಾಟುವುದಿಲ್ಲ.

ಬೇಳೆಯನ್ನು ಎರಡು ಸಲ ತೊಳೆದು ನೆನೆಹಾಕಿ. ಬೇಸಿಗೆಯಲ್ಲಿ 3 ಗಂಟೆ ಸಾಕು. ಚಳಿಯಲ್ಲಿ 5 ಗಂಟೆ ಬೇಕಾಗಬಹುದು. ನೆನೆಹಾಕಿದ ನೀರಿನ ಮೇಲೆ ನೊರೆ ಕಟ್ಟಿ ವಾಸನೆ ಬಂದರೆ ಹೊತ್ತು ಮೀರಿದೆ ಎಂದರ್ಥ. ನೆನೆದ ಬೇಳೆಯನ್ನು ಪೂರ್ತಿ ಸೋಸಿ ತೂಗಿ. 3 ಕೆಜಿ ಸಾಮಾನ್ಯವಾಗಿ 6ರಿಂದ 6.6 ಕೆಜಿ ಆಗುತ್ತದೆ. ಈ ಅರ್ಧ ಕೆಜಿಯ ವ್ಯತ್ಯಾಸ ಬೇಳೆಯ ಲಾಟಿನಿಂದ ಲಾಟಿಗೆ ಬದಲಾಗುತ್ತದೆ. “ಮೂರು ಕೆಜಿಗೆ ಒಂದೂವರೆ ಚೊಂಬು” ಎಂಬಂಥ ಲೆಕ್ಕ ಕೈಕೊಡುವುದು ಇಲ್ಲೇ.

ರುಬ್ಬಿದ ಉದ್ದಿನ ಹಿಟ್ಟು 10.8 ಕೆಜಿ ಆಗಬೇಕು ಎಂದು ಇಟ್ಟುಕೊಳ್ಳಿ. ನೆನೆದ ಬೇಳೆ 6.3 ಕೆಜಿ ಇದ್ದರೆ ನೀರು 4.5 ಕೆಜಿ. 6 ಕೆಜಿ ಇದ್ದರೆ 4.8. 6.6 ಇದ್ದರೆ 4.2. ನೀರು ದಿನವೂ ಬೇರೆಯಾದರೂ ಹಿಟ್ಟು ಒಂದೇ ಹದಕ್ಕೆ ಬರುತ್ತದೆ.

ರವೆಗೂ ಇದೇ ಕ್ರಮ. ನೀರು ತಿಳಿಯಾಗುವವರೆಗೆ ತೊಳೆದು ಎರಡು ಗಂಟೆ ನೆನೆಸಿ, ಬಟ್ಟೆಯಲ್ಲಿ ಹಾಕಿ ಹಿಂಡಿ, ತೂಗಿದರೆ ಸುಮಾರು 14 ಕೆಜಿ ಬರಬೇಕು. ಜಾಸ್ತಿ ಬಂದರೆ ನೀರು ಉಳಿದಿದೆ, ಇನ್ನೊಮ್ಮೆ ಹಿಂಡಿ. ನೀರು ಜಾಸ್ತಿಯಾದ ರವೆಯಿಂದಾದ ಹಿಟ್ಟು ರಾತ್ರಿ ಚೆನ್ನಾಗಿಯೇ ಉಬ್ಬುತ್ತದೆ, ಆದರೆ ತಟ್ಟೆಯಲ್ಲಿ ಹರಡಿಕೊಂಡು ಇಡ್ಲಿ ಚಪ್ಪಟೆಯಾಗುತ್ತದೆ. ಆಗ ಎಲ್ಲರೂ ಬೇಳೆಯನ್ನು ಬಯ್ಯುತ್ತಾರೆ.

ಬೇಳೆ ರುಬ್ಬುವುದು

ಬೇಳೆಗೆ ಕಲ್ಲಿನ ಟಿಲ್ಟಿಂಗ್ ಗ್ರೈಂಡರೇ ಬೇಕು. ಇನ್‌ಸ್ಟಂಟ್ ಗ್ರೈಂಡರಿನ ಚಕ್ರಗಳ ನಡುವೆ ಹಾದುಹೋಗುವ ಬೇಳೆ ನುಣ್ಣಗಾಗುತ್ತದೆ, ಆದರೆ ಬಿಸಿಯಾಗುತ್ತದೆ, ಗಾಳಿ ಸೇರುವುದಿಲ್ಲ. ಅದನ್ನು ದೋಸೆ ಅಕ್ಕಿಗೆ ಬಳಸಿಕೊಳ್ಳಿ.

ಮೊದಲು ಕಾಲುಭಾಗ ನೀರು ಹಾಕಿ ಗ್ರೈಂಡರ್ ಚಾಲೂ ಮಾಡಿ, ಬೇಳೆಯನ್ನು ಮುಷ್ಟಿ ಮುಷ್ಟಿಯಾಗಿ ಬಿಡಿ. ಬೇಳೆ ಒಡೆದು ಅಂಟಂಟಾದ ಮೇಲೆ ಉಳಿದ ನೀರನ್ನು ಐದಾರು ಸಲಕ್ಕೆ ಹಂಚಿ ಹಾಕಿ. ಮೊದಲೇ ನೀರು ಸುರಿದರೆ ಬೇಳೆ ಕಲ್ಲಿನ ಕೆಳಗೆ ಸಿಗದೆ ಜಾರುತ್ತದೆ, ರುಬ್ಬುವ ಹೊತ್ತು ಬೆಳೆಯುತ್ತದೆ, ಹೊತ್ತು ಬೆಳೆದಷ್ಟೂ ಬಿಸಿ ಏರುತ್ತದೆ. ಇಪ್ಪತ್ತೈದರಿಂದ ಮೂವತ್ತೈದು ನಿಮಿಷದಲ್ಲಿ ಮುಗಿಯಬೇಕು. ಬಟ್ಟಲಲ್ಲಿ ನೀರಿಟ್ಟು ಒಂದು ತೊಟ್ಟು ಹಿಟ್ಟು ಬಿಡಿ. ತೇಲಬೇಕು, ಚದುರಬಾರದು. ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ನಲವತ್ತೈದು ನಿಮಿಷವಾದರೂ ತರಿ ಉಳಿದರೆ ಕಲ್ಲು ಸವೆದಿದೆ. ಉಳಿ ಪೆಟ್ಟು ಹಾಕಿಸುವ ಕಾಲ ಬಂದಿದೆ.

ನಿಮ್ಮ ಗ್ರೈಂಡರ್ ಹಿಟ್ಟನ್ನು ಎಷ್ಟು ಬಿಸಿ ಮಾಡುತ್ತದೆ ಎಂಬುದನ್ನು ಒಂದು ವಾರ ಬರೆದಿಡಿ. ಐಸ್ ಇಲ್ಲದೆ, ನೆನೆದ ಬೇಳೆಯ ತಾಪಮಾನವನ್ನು ಶುರುವಿನಲ್ಲಿ, ರುಬ್ಬಿದ ಹಿಟ್ಟಿನದನ್ನು ಕೊನೆಯಲ್ಲಿ ನೋಡಿ. ಇಲ್ಲಿನ ಲೆಕ್ಕಕ್ಕೆ 6 ಡಿಗ್ರಿ ಎಂದು ಹಿಡಿದಿದ್ದೇವೆ. ನಿಮ್ಮದು 4 ಇರಬಹುದು, 9 ಇರಬಹುದು. ಕಲ್ಲು, ಮೋಟಾರು, ತುಂಬಿದ ಪ್ರಮಾಣ ಎಲ್ಲವೂ ಇದನ್ನು ಬದಲಿಸುತ್ತವೆ.

ಏಪ್ರಿಲ್: ತಂಪನ್ನು ಬೇಳೆಗೆ ಹಾಕಿ

ಅಡುಗೆಮನೆ 33 ಡಿಗ್ರಿ, ನೆನೆದ ಬೇಳೆ 30, ನೀರು 29, ರವೆ 30. ಏನೂ ಮಾಡದೆ ರುಬ್ಬಿದರೆ ಉದ್ದಿನ ಹಿಟ್ಟು 36ಕ್ಕೆ ಏರುತ್ತದೆ. 10.8 ಕೆಜಿ ಉದ್ದಿನ ಹಿಟ್ಟಿಗೆ 14 ಕೆಜಿ ರವೆ ಸೇರಿಸಿದಾಗ ಒಟ್ಟು 32.5ರ ಆಸುಪಾಸು ನಿಲ್ಲುತ್ತದೆ. ಅದು ಐದಾರು ಗಂಟೆಯಲ್ಲಿ ಹದಕ್ಕೆ ಬಂದುಬಿಡುತ್ತದೆ, ಅಂದರೆ ನಡುರಾತ್ರಿಗೆ. ನಮಗೆ ಬೇಕಾದ್ದು ಬೆಳಗ್ಗೆ ನಾಲ್ಕೂವರೆಗೆ. ಬೇಸಿಗೆಯ ಗುರಿ 27 ಡಿಗ್ರಿ ಎಂದಿಟ್ಟುಕೊಂಡರೆ ಐದೂವರೆ ಡಿಗ್ರಿ ಇಳಿಸಬೇಕು.

ಇದಕ್ಕೆ ಒಂದು ಸುಲಭದ ಲೆಕ್ಕವಿದೆ. 1 ಕೆಜಿ ನೀರಿನ ಬದಲು 1 ಕೆಜಿ ಐಸ್ ಹಾಕಿದರೆ 25 ಕೆಜಿ ಹಿಟ್ಟು ನಾಲ್ಕರಿಂದ ಐದು ಡಿಗ್ರಿ ತಣ್ಣಗಾಗುತ್ತದೆ. ಹಾಗಾಗಿ 4.5 ಕೆಜಿ ನೀರಿನಲ್ಲಿ 1.25 ಕೆಜಿ ಐಸ್, ಉಳಿದ 3.25 ಕೆಜಿ ಸಾಮಾನ್ಯ ನೀರು. ಐಸನ್ನು ಪುಡಿ ಮಾಡಿ, ಬೇಳೆ ಒಡೆದ ಮೇಲೆ ನೀರಿನ ಜೊತೆ ಕಂತಿನಲ್ಲಿ ಹಾಕುತ್ತ ಬನ್ನಿ. ಉದ್ದಿನ ಹಿಟ್ಟು 23 ಡಿಗ್ರಿಗೆ ಬಂದು ನಿಲ್ಲುತ್ತದೆ, ನೊರೆಯೂ ಚೆನ್ನಾಗಿ ಬರುತ್ತದೆ. ಅದಕ್ಕೆ 30 ಡಿಗ್ರಿಯ ರವೆ ಸೇರಿದಾಗ 27. ಐಸನ್ನು ಕುಡಿಯುವ ನೀರಿನಿಂದ ನೀವೇ ಕಟ್ಟಿಸಿ. ಮೀನು ಮಾರುಕಟ್ಟೆಗೆ ಹೋಗುವ ದಿಮ್ಮಿ ಐಸ್ ಒಳಗೆ ಬರಕೂಡದು.

ಉಪ್ಪನ್ನು ಬೇಸಿಗೆಯಲ್ಲಿ ಸಂಜೆಯೇ ಹಾಕಿ. ಶೇಕಡಾ ಒಂದರಷ್ಟು ಉಪ್ಪು ಹುದುಗುವಿಕೆಯನ್ನು ತುಸು ತಡೆಯುತ್ತದೆ, ಆಗ ಅದೇ ಬೇಕು.

ರಾತ್ರಿಯಿಡೀ ಅಡುಗೆಮನೆ 30ರ ಮೇಲೇ ಇದ್ದರೆ ಹಿಟ್ಟು ಮತ್ತೆ ನಿಧಾನವಾಗಿ ಏರುತ್ತದೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ರಾತ್ರಿ ತಣ್ಣಗಾಗುವುದರಿಂದ ತೊಂದರೆಯಿಲ್ಲ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಪಾತ್ರೆಗೆ ಒದ್ದೆ ಗೋಣಿ ಸುತ್ತಿ ಫ್ಯಾನಿನ ಗಾಳಿಗೆ ಇಟ್ಟರೆ ಒಣಹವೆಯಲ್ಲಿ ನೀರು ಆರುತ್ತ ಹಿಟ್ಟು ತಂಪಾಗಿಯೇ ಇರುತ್ತದೆ. ಮಂಗಳೂರು, ಉಡುಪಿಯ ಆರ್ದ್ರ ಹವೆಯಲ್ಲಿ ಗೋಣಿಯ ನೀರು ಆರುವುದೇ ಇಲ್ಲ, ಅಲ್ಲಿ ಈ ಉಪಾಯ ದಂಡ. ಗುರಿಯನ್ನು 25ಕ್ಕೆ ಇಳಿಸಿ ಐಸ್ ಹೆಚ್ಚಿಸುವುದೇ ದಾರಿ.

ಜನವರಿ: ಬಿಸಿಯನ್ನು ರವೆಗೆ ಹಾಕಿ

ಅಡುಗೆಮನೆ 19, ಬೇಳೆ, ರವೆ, ನೀರು ಎಲ್ಲವೂ 18. ರುಬ್ಬಿದ ಬೇಳೆ 24ಕ್ಕೆ ಬರುತ್ತದೆ, ರವೆ ಸೇರಿದರೆ 20.5. ಈ ಹಿಟ್ಟು ಬೆಳಗ್ಗೆ ಹತ್ತಕ್ಕೂ ಏಳುವುದು ಕಷ್ಟ. ಚಳಿಗಾಲದ ಗುರಿ 29, ಏಕೆಂದರೆ ರಾತ್ರಿ ಒಂದಿಷ್ಟು ಬಿಸಿ ಸೋರಿಹೋಗುತ್ತದೆ.

ಇಲ್ಲಿ ಬಿಸಿನೀರು ಹಾಕಿ ಬೇಳೆ ರುಬ್ಬುವುದು ಸಾಮಾನ್ಯ ತಪ್ಪು. ಮೇಲೆ ಹೇಳಿದ ಕಾರಣಕ್ಕೆ ನೊರೆ ಕೆಡುತ್ತದೆ. ಹುಳಿ ಬಂದರೂ ಉಬ್ಬು ಬರುವುದಿಲ್ಲ. ಬೇಳೆಯನ್ನು ತಣ್ಣೀರಿನಲ್ಲೇ ರುಬ್ಬಿ. ರವೆಯ ಕೊನೆಯ ಅರ್ಧ ಗಂಟೆಯ ನೆನೆಸುವಿಕೆಯನ್ನು 45 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಮಾಡಿ ಹಿಂಡಿ. ಹಿಂಡಿದ ರವೆ 33 ಡಿಗ್ರಿ ತೋರಿಸಬೇಕು, ಕಡಿಮೆ ಇದ್ದರೆ ಇನ್ನೊಮ್ಮೆ ಬೆಚ್ಚನೆ ನೀರು. 24ರ ಉದ್ದಿಗೆ 33ರ ರವೆ ಸೇರಿದರೆ ಸರಿಯಾಗಿ 29. ಕುದಿಯುವ ನೀರು ಮಾತ್ರ ಸುರಿಯಬೇಡಿ, ರವೆ ಅಂಚಿನಲ್ಲಿ ಬೆಂದು ಗಂಟಾಗುತ್ತದೆ.

ಉಪ್ಪನ್ನು ಚಳಿಯಲ್ಲಿ ಬೆಳಗ್ಗೆ ಹಾಕಿ. ಸ್ವಲ್ಪ ನೀರಿನಲ್ಲಿ ಕರಗಿಸಿ, ಅಡಿಯಿಂದ ಮೇಲಕ್ಕೆ ಎರಡು ಮೂರು ಸಲ ಎತ್ತಿ ಮಗುಚಿದರೆ ಸಾಕು. ಸೌಟಿನಿಂದ ತಿರುವಿದರೆ ರಾತ್ರಿಯಿಡೀ ಕೂಡಿದ ಗಾಳಿ ಹೊರಟುಹೋಗುತ್ತದೆ.

ಹಳೇ ಹಿಟ್ಟು ಬೆರೆಸುವುದಿದ್ದರೆ ಚಳಿಗಾಲದಲ್ಲಿ ಮಾತ್ರ, 25 ಕೆಜಿಗೆ ಮುಕ್ಕಾಲು ಕೆಜಿಯವರೆಗೆ. ಅದನ್ನು ಬೆಳಗ್ಗೆ ಹದವಾಗಿ ಉಬ್ಬಿದ ಹಿಟ್ಟಿನಿಂದಲೇ ತೆಗೆದು ಫ್ರಿಜ್‌ನಲ್ಲಿಡಿ. ಮಧ್ಯಾಹ್ನ ಉಳಿದ ಹುಳಿ ಹಿಟ್ಟು ಬೆರೆಸಿದರೆ ಬರೀ ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನೇ ಬಿತ್ತಿದಂತಾಗುತ್ತದೆ. ನಾಲ್ಕಾರು ದಿನ ಹೀಗೆ ನಡೆದರೆ ಇಡೀ ಹೋಟೆಲಿನ ಹಿಟ್ಟು ಹುಳಿಗೆ ತಿರುಗುತ್ತದೆ, ಕಾರಣವೂ ಹೊಳೆಯುವುದಿಲ್ಲ.

ರಾತ್ರಿ ಇಡುವ ಜಾಗ

ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮುಚ್ಚಳ ಸಡಿಲವಾಗಿರಲಿ. ಚಳಿಯಲ್ಲಿ ಕಡಪ ಕಲ್ಲಿನ ನೆಲದ ಮೇಲೆ ನೇರವಾಗಿ ಇಡಬೇಡಿ, ಕಲ್ಲು ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೆಳಗೆ ಮರದ ಹಲಗೆ, ಸುತ್ತ ಥರ್ಮೋಕೋಲ್ ಪೆಟ್ಟಿಗೆ ಅಥವಾ ದಪ್ಪ ಗೋಣಿ ಇರಲಿ. ಕೆಟ್ಟುಹೋದ ಹಳೆಯ ಫ್ರಿಜ್ ಇದಕ್ಕೆ ಹೇಳಿ ಮಾಡಿಸಿದ ವಸ್ತು. ಒಳಗೆ ಹಳೇ ಕಾಲದ ಬಿಸಿಯಾಗುವ 60 ವ್ಯಾಟ್ ಬಲ್ಬ್ ಹಾಕಿ, 29 ಡಿಗ್ರಿಗೆ ಆರುವಂತೆ ಥರ್ಮೋಸ್ಟಾಟ್ ಕೂಡಿಸಿ. ಎಲ್‌ಇಡಿ ಬಲ್ಬಿನಿಂದ ಪ್ರಯೋಜನವಿಲ್ಲ. ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಇಡ್ಲಿ ಬಾಯ್ಲರಿನ ಪಕ್ಕದಲ್ಲಿ ಪಾತ್ರೆ ಇಡುವ ರೂಢಿ ಅನೇಕ ಕಡೆ ಇದೆ. ಬಾಯ್ಲರಿಗೆ ಮುಖ ಮಾಡಿದ ಬದಿ 38, ನಡುವಿನ ಹಿಟ್ಟು 22 ಇರುತ್ತದೆ. ಬೆಳಗ್ಗೆ ಎರಡನ್ನೂ ಕಲಸಿದಾಗ ಹುಳಿಯೂ ಹಸಿಯೂ ಒಟ್ಟಿಗೆ ಸಿಗುತ್ತದೆ.

ಹದ ನೋಡುವುದು

ಗಡಿಯಾರ ನಂಬಬೇಡಿ. ಸಂಜೆ ಕಲಸಿದ ಹಿಟ್ಟಿನಲ್ಲಿ ಒಂದು ಲೋಟದಷ್ಟನ್ನು ನೆಟ್ಟಗಿನ ಗಾಜಿನ ಜಾಡಿಗೆ ಹಾಕಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಪಾತ್ರೆಯ ಮಗ್ಗುಲಲ್ಲೇ ಇಡಿ. 10 ಸೆಂಟಿಮೀಟರ್ ಇದ್ದದ್ದು 18 ಆದಾಗ ಇಡ್ಲಿಗೆ ಹದ. ಸಣ್ಣ ಜಾಡಿ ದೊಡ್ಡ ಪಾತ್ರೆಗಿಂತ ಬೇಗ ಕೋಣೆಯ ತಾಪಮಾನಕ್ಕೆ ಬರುತ್ತದೆ. ಅದಕ್ಕೇ ಜಾಡಿಯ ಜೊತೆಗೆ ಇನ್ನೊಂದು ಪರೀಕ್ಷೆ ಬೇಕು. ಒಂದು ಲೀಟರಿನ ಅಳತೆ ಪಾತ್ರೆಗೆ ಹಿಟ್ಟನ್ನು ಮೆಲ್ಲಗೆ ಎತ್ತಿ ಹಾಕಿ, ಅಂಚಿಗೆ ಸವರಿ ತೂಗಿ. ಸಂಜೆ 900ರಿಂದ 1000 ಗ್ರಾಂ ಇದ್ದದ್ದು ಬೆಳಗ್ಗೆ ಸುಮಾರು 500ರಿಂದ 550ಕ್ಕೆ ಇಳಿದಿರಬೇಕು. ಈ ತೂಕ ಒಂದೇ ಇದ್ದರೆ ಇಡ್ಲಿಯೂ ಒಂದೇ.

ಕೆಟ್ಟಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಉಬ್ಬಿದೆಯೇ, ಹುಳಿ ಬಂದಿದೆಯೇ? ಎರಡೂ ಇಲ್ಲ, ಹಸಿ ಬೇಳೆಯ ವಾಸನೆ ಇದೆ ಎಂದರೆ ಬರೀ ಚಳಿ. ಬೆಚ್ಚಗಿನ ಜಾಗಕ್ಕೆ ಸರಿಸಿ ಕಾದರೆ ಬರುತ್ತದೆ. ಹುಳಿ ಇದೆ, ಉಬ್ಬಿಲ್ಲ ಎಂದರೆ ಹಿಟ್ಟು ಬಿಸಿಯಾಗಿತ್ತು, ಇಲ್ಲವೇ ಬೇಳೆಯ ನೊರೆ ಕೆಟ್ಟಿತ್ತು. ಕಾದರೆ ಇನ್ನಷ್ಟು ಹುಳಿಯೇ ಸಿಗುವುದು. ಪಾತ್ರೆಯ ಅಂಚಿನಲ್ಲಿ ಮೇಲೆ ಏರಿದ ಗುರುತು, ಕೆಳಗೆ ಕುಸಿದ ಮಧ್ಯಭಾಗ ಕಂಡರೆ ಹದ ದಾಟಿ ಹೊತ್ತಾಗಿದೆ. ಅಡಿಯಲ್ಲಿ ನೀರು, ರವೆ ಬೇರೆಯಾಗಿ ನಿಂತಿದ್ದರೆ ಉದ್ದು ಸರಿಯಾಗಿ ರುಬ್ಬಿಲ್ಲ ಅಥವಾ ಹಿಟ್ಟು ತೆಳುವಾಗಿದೆ. ಗುಲಾಬಿ ಬಣ್ಣದ ಚುಕ್ಕೆ, ಬೂಸ್ಟು ಕಂಡರೆ ರುಚಿ ನೋಡಲೂ ಹೋಗದೆ ಚೆಲ್ಲಿ.

ದೋಸೆ ಹಿಟ್ಟಿನಲ್ಲಿ ಬೇರೆ ಏನು

ದೋಸೆ ಅಕ್ಕಿ 8 ಕೆಜಿ, ಉದ್ದು 2 ಕೆಜಿ, ಗಟ್ಟಿ ಅವಲಕ್ಕಿ ಅರ್ಧ ಕೆಜಿ, ಕಡಲೆಬೇಳೆ ಕಾಲು ಕೆಜಿ, ಮೆಂತ್ಯ 80 ಗ್ರಾಂ. ಇಲ್ಲಿ ಅಕ್ಕಿಯನ್ನೂ ರುಬ್ಬುವುದರಿಂದ ಎರಡು ಕಡೆಯಿಂದಲೂ ಬಿಸಿ ಸೇರುತ್ತದೆ. ಬೇಸಿಗೆಯಲ್ಲಿ ಅಕ್ಕಿಯ ನೀರಿಗೂ ಐಸ್ ಬೇಕು. ಚಳಿಯಲ್ಲಿ ಅಕ್ಕಿ ರುಬ್ಬುವ ನೀರನ್ನೇ ಬೆಚ್ಚಗೆ ಮಾಡಿಕೊಳ್ಳಬಹುದು. ಅಕ್ಕಿ ಸಣ್ಣ ತರಿ ಉಳಿಯುವಷ್ಟೇ ರುಬ್ಬಿ, ಗಂಧದಂತೆ ನುಣ್ಣಗಾದರೆ ದೋಸೆ ಗರಿಯಾಗುವುದಿಲ್ಲ.

ಉಬ್ಬು ಒಂದೂವರೆ ಪಟ್ಟು ಸಾಕು. ಹದ ದಾಟಿದ ಹಿಟ್ಟಿನಲ್ಲಿ ಸಕ್ಕರೆಯ ಅಂಶ ಬ್ಯಾಕ್ಟೀರಿಯಾಗಳ ಪಾಲಾಗಿರುತ್ತದೆ, ಹುಳಿಯೂ ಏರಿರುತ್ತದೆ. ಅಂಥ ದೋಸೆ ಕಾವಲಿಯ ಮೇಲೆ ಎಷ್ಟು ಹೊತ್ತು ಬಿಟ್ಟರೂ ಬಿಳಿಚಿಕೊಂಡೇ ಇರುತ್ತದೆ. ಬಣ್ಣಕ್ಕೆಂದು ಹಾಕುವ ಚೂರು ಸಕ್ಕರೆಯನ್ನು ದೋಸೆ ಹಾಕುವ ಮೊದಲು ಬೆರೆಸಿ, ಸಂಜೆ ಹಾಕಿದರೆ ರಾತ್ರಿಯೇ ಖರ್ಚಾಗುತ್ತದೆ.

ನಿಲ್ಲಿಸುವುದು

ಮಧ್ಯಾಹ್ನದವರೆಗೆ ನಡೆಯಬೇಕಾದ ಹಿಟ್ಟನ್ನು ಪೂರ್ತಿ ಹದಕ್ಕೆ ಬಂದ ಮೇಲೆ ಕೋಲ್ಡ್ ರೂಮಿಗೆ ಹಾಕಿದರೆ ತಡವಾಗಿರುತ್ತದೆ. 25 ಕೆಜಿಯ ಪಾತ್ರೆಯ ನಡುಭಾಗ ತಣ್ಣಗಾಗಲು ಹಲವು ಗಂಟೆ ಬೇಕು, ಅಷ್ಟು ಹೊತ್ತೂ ಹುಳಿ ಬರುತ್ತಲೇ ಇರುತ್ತದೆ. ಜಾಡಿಯಲ್ಲಿ 10 ಇದ್ದ ಇಡ್ಲಿ ಹಿಟ್ಟು 16 ಆದಾಗಲೇ ಏಳೆಂಟು ಲೀಟರಿನ ಅಗಲವಾದ ಡಬ್ಬಗಳಿಗೆ, ಅರ್ಧ ತುಂಬುವಂತೆ, ಎತ್ತಿ ಹಂಚಿ 4 ಡಿಗ್ರಿಯಲ್ಲಿಡಿ. ಡಬ್ಬದ ಮೇಲೆ ಡಬ್ಬ ಒತ್ತಿಡದೆ ನಡುವೆ ಗಾಳಿಯಾಡಲು ಬಿಡಿ. ಒಂದೊಂದು ಗಂಟೆಗೆ ಬೇಕಾದಷ್ಟನ್ನೇ ಹೊರತೆಗೆಯಿರಿ. ದೋಸೆ ಹಿಟ್ಟು 18, 20 ಡಿಗ್ರಿಗೆ ಬರುವವರೆಗೆ ಕಾವಲಿಗೆ ಹಾಕಬೇಡಿ. ತಣ್ಣನೆ ಹಿಟ್ಟು ಕಾವಲಿಯ ಕಾವನ್ನು ಇಳಿಸಿ ಅಂಟಿಕೊಳ್ಳುತ್ತದೆ, ಸೌಟಿಗೆ ಹರಡುವುದಿಲ್ಲ.

ಹದ ದಾಟಿದ ಇಡ್ಲಿ ಹಿಟ್ಟು ಉಳಿದರೆ ಮೂರು ಪಾಲಿಗೆ ಒಂದು ಪಾಲು ಆಗಷ್ಟೇ ರುಬ್ಬಿದ ದೋಸೆ ಹಿಟ್ಟು ಸೇರಿಸಿ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು ಅಥವಾ ಉತ್ತಪ್ಪ ಮಾಡಿ. ಅದನ್ನು ಇಡ್ಲಿ ತಟ್ಟೆಗೆ ಮತ್ತೆ ತರಬೇಡಿ, ಮರುದಿನದ ಹಿಟ್ಟಿಗಂತೂ ಬೆರೆಸಲೇಬೇಡಿ.